ಔಟೇಜ್‌ನ ಕಥೆಯಲ್ಲಿ ನಿಮ್ಮ ಪಾಲು ಯಾವುದು?

ಪ್ರಶ್ನೆ: ನಾನು ಬ್ಯಾಕೆಂಡ್ ಇಂಜಿನಿಯರ್, ನಾಲ್ಕು ವರ್ಷದ ಅನುಭವ. "ಪ್ರೊಡಕ್ಷನ್ ಔಟೇಜ್ ಒಂದನ್ನು ಬಗೆಹರಿಸಿದ್ದು ಹೇಳಿ" ಅಂತ ಎಲ್ಲ ಸಂದರ್ಶನದಲ್ಲೂ ಕೇಳುತ್ತಾರೆ. ನನ್ನ ಹತ್ತಿರ ಒಂದು ಘಟನೆ ಇದೆ. ನಮ್ಮ ಆರ್ಡರ್ ಸರ್ವಿಸ್ 47 ನಿಮಿಷ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಡೇಟಾಬೇಸ್ ಕನೆಕ್ಷನ್ ಪೂಲ್ ಖಾಲಿ. ಮೂರು ದಿನ ಹಿಂದೆ ಸೇರಿಸಿದ್ದ ಲಾಯಲ್ಟಿ ಪಾಯಿಂಟ್ಸ್ ಕಾಲ್ ಟ್ರಾನ್ಸಾಕ್ಷನ್ ಒಳಗಿತ್ತು, ಆ ಸರ್ವಿಸ್ ನಿಧಾನವಾದಾಗ ಎಲ್ಲ ಕಟ್ಟಿಕೊಂಡಿತು. `pg_stat_activity` ನೋಡಿ ಹೇಳಿದ್ದು ನಾನು. ಆದರೆ ಎಲ್ಲವನ್ನೂ ನಡೆಸಿದ್ದು ಲೀಡ್, ಫೀಚರ್ ಫ್ಲ್ಯಾಗ್ ಆಫ್ ಮಾಡಿದ್ದು ಇನ್ನೊಬ್ಬರು. ಸ್ಟಾರ್ ಮಾದರಿಯಲ್ಲೇ ಹೇಳುತ್ತೇನೆ. ಆದರೂ ಮಧ್ಯದಲ್ಲೇ ತಡೆದು "ಅದರಲ್ಲಿ ನೀವು ಮಾಡಿದ್ದೇನು?" ಅಂತಾರೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಬಹುಶಃ ಟಾಸ್ಕ್‌ನಲ್ಲಿ. ಸಿಚುಯೇಷನ್, ಟಾಸ್ಕ್, ಆಕ್ಷನ್, ರಿಸಲ್ಟ್ ಅಂತ ನಾಲ್ಕು ಭಾಗ ಇದ್ದರೂ ಟಾಸ್ಕ್ ಅನ್ನು ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. "ಸರ್ವಿಸ್ ಅನ್ನು ಬೇಗ ಸರಿಮಾಡಬೇಕಿತ್ತು." ಅದು ಆ ಹೊತ್ತಿನ ಕಾನ್ಫರೆನ್ಸ್ ಕಾಲ್‌ನಲ್ಲಿದ್ದ ಎಲ್ಲರ ಟಾಸ್ಕ್. ಅಷ್ಟು ದೊಡ್ಡ ಟಾಸ್ಕ್ ಹೇಳಿದ ಮೇಲೆ ಅದಕ್ಕೆ ತಕ್ಕಷ್ಟು ಆಕ್ಷನ್ ಹೇಳಬೇಕಾಗುತ್ತದೆ. ಅಷ್ಟನ್ನು ನೀವೊಬ್ಬರೇ ಮಾಡಿಲ್ಲ. ಹಾಗಾಗಿ ಪ್ರತಿ ವಾಕ್ಯವೂ "ನಾವು" ಎಂದೇ ಶುರುವಾಗುತ್ತದೆ. ಎದುರಿಗಿದ್ದವರು ತಡೆಯುವುದು ಅಲ್ಲೇ. ಅವರು ಸಂದರ್ಶನ ಮುಗಿದ ಮೇಲೆ ನಿಮ್ಮ ಬಗ್ಗೆ ಬರೆಯಬೇಕು. "ನಾವು" ಅನ್ನುವುದರಿಂದ ಬರೆಯಲು ಏನೂ ಸಿಗುವುದಿಲ್ಲ.

ಇದಕ್ಕೆ ಪರಿಹಾರ ಎಲ್ಲ "ನಾವು"ಗಳನ್ನು "ನಾನು" ಮಾಡುವುದಲ್ಲ. ಫ್ಲ್ಯಾಗ್ ಆಫ್ ಮಾಡಿದ್ದು ನೀವೇ ಅಂತ ಹೇಳಿದರೆ ಎರಡು ಮರುಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ. ಟಾಸ್ಕ್ ಅನ್ನೇ ಚಿಕ್ಕದು ಮಾಡಿ. ಆ ಹೊತ್ತಿನಲ್ಲಿ ನೀವು ಯಾವ ಪ್ರಶ್ನೆಯನ್ನು ಕೈಗೆತ್ತಿಕೊಂಡಿರಿ? ನಿಮ್ಮ ಘಟನೆಯಲ್ಲಿ ಅದು ಸ್ಪಷ್ಟವಾಗಿದೆ: "ಕನೆಕ್ಷನ್‌ಗಳನ್ನು ಹಿಡಿದುಕೊಂಡು ಕೂತಿರುವವರು ಯಾರು, ಯಾಕೆ?" ಇದು ಒಬ್ಬ ಇಂಜಿನಿಯರ್ ಹೊರಬಹುದಾದ ಟಾಸ್ಕ್. ಉತ್ತರ ಸಿಕ್ಕಿತೋ ಇಲ್ಲವೋ ಎಂದು ಹೇಳಬಹುದು. ಇದನ್ನು ಹಿಡಿದರೆ ಆಕ್ಷನ್ ತಾನಾಗಿ "ನಾನು" ಆಗುತ್ತದೆ. ಲೀಡ್ ಮತ್ತು ಇನ್ನೊಬ್ಬರ ಹೆಸರು ಅವರ ಜಾಗದಲ್ಲಿ ಸಹಜವಾಗಿ ಬರುತ್ತದೆ.

ಈಗ ನಿಮ್ಮ ಘಟನೆಯನ್ನೇ ತೆಗೆದುಕೊಂಡು ಕಟ್ಟೋಣ. ನೀವು ವಿವರ ಕೊಟ್ಟಿಲ್ಲದ ಕಡೆ ನಾನು ಅಂಕಿ ಊಹಿಸಿ ಹಾಕುತ್ತೇನೆ, ನಿಮ್ಮವನ್ನು ಹಾಕಿಕೊಳ್ಳಿ. ಸರ್ವಿಸ್ ಜಾವಾದಲ್ಲಿದೆ, ಪೂಲ್ ಹಿಕಾರಿ, ಡೇಟಾಬೇಸ್ ಪೋಸ್ಟ್‌ಗ್ರೆಸ್ ಅಂದುಕೊಳ್ಳೋಣ. 8 ಪಾಡ್, ಒಂದೊಂದರಲ್ಲೂ 10 ಕನೆಕ್ಷನ್. ಹಿಕಾರಿಯಲ್ಲಿ ಏನೂ ಬದಲಿಸದಿದ್ದರೆ ಸಿಗುವುದು 10. ಒಟ್ಟು 80. ಪೋಸ್ಟ್‌ಗ್ರೆಸ್‌ನ `max_connections` ಕೂಡ ಮುಟ್ಟಿಲ್ಲ, ಅಂದರೆ 100.

ಸಿಚುಯೇಷನ್ ಹೇಳುವಾಗ ಒಂದೇ ಎಚ್ಚರಿಕೆ ಸಾಕು: ಕಾರಣವನ್ನು ಮೊದಲೇ ಬಿಟ್ಟುಕೊಡಬೇಡಿ. ನೀವು ಪ್ರಶ್ನೆಯಲ್ಲಿ ಬರೆದ ರೀತಿ ನೋಡಿ. "ಟ್ರಾನ್ಸಾಕ್ಷನ್ ಒಳಗೆ ಕಾಲ್ ಇತ್ತು" ಅಂತ ಶುರುವಿನಲ್ಲೇ ಬಂದುಬಿಟ್ಟಿದೆ. ಅದು ನಿಮಗೆ ಆಗ ಗೊತ್ತಿರಲಿಲ್ಲ ಅಲ್ವಾ? ಮೊದಲೇ ಹೇಳಿದರೆ ನಿಮ್ಮ ಹುಡುಕಾಟಕ್ಕೆ ಬೆಲೆಯೇ ಉಳಿಯುವುದಿಲ್ಲ, ಎಲ್ಲ ಸುಲಭವಾಗಿ ಕಾಣುತ್ತದೆ. ಆ ಹೊತ್ತಿಗೆ ಸ್ಕ್ರೀನ್ ಮೇಲೆ ಏನು ಕಾಣುತ್ತಿತ್ತೋ ಅಷ್ಟನ್ನೇ ಹೇಳಿ. ಹೀಗೆ:

"ನಮ್ಮ ಆರ್ಡರ್ ಸರ್ವಿಸ್‌ಗೆ ಸೆಕೆಂಡಿಗೆ ಸುಮಾರು 50 ರಿಕ್ವೆಸ್ಟ್ ಬರುತ್ತವೆ. ಒಂದು ಬೆಳಿಗ್ಗೆ 11:10ಕ್ಕೆ ಅಲರ್ಟ್ ಬಂತು. ಐದರಲ್ಲಿ ನಾಲ್ಕು ರಿಕ್ವೆಸ್ಟ್ ಫೇಲ್ ಆಗುತ್ತಿದ್ದವು. ಲಾಗ್ ತುಂಬ ಕನೆಕ್ಷನ್ ಸಿಗುತ್ತಿಲ್ಲ ಎಂಬ ಎರರ್. ಅವತ್ತು ಯಾರೂ ಏನೂ ಡಿಪ್ಲಾಯ್ ಮಾಡಿರಲಿಲ್ಲ. ಲೀಡ್ ಕಾಲ್ ನಡೆಸುತ್ತಿದ್ದರು. ಪೂಲ್‌ನ ಕನೆಕ್ಷನ್‌ಗಳು ಎಲ್ಲಿ ಸಿಕ್ಕಿಕೊಂಡಿವೆ ಅಂತ ಕಂಡುಹಿಡಿಯುವ ಕೆಲಸ ನಾನು ತೆಗೆದುಕೊಂಡೆ."

ಇದರಲ್ಲೇ ಸಿಚುಯೇಷನ್, ಟಾಸ್ಕ್ ಎರಡೂ ಮುಗಿದವು. ಓದಿ ನೋಡಿ, ಅರ್ಧ ನಿಮಿಷ ಆಗುತ್ತದೆ. ಕಂಪನಿ ಏನು ಮಾಡುತ್ತದೆ, ಎಷ್ಟು ಮೈಕ್ರೋಸರ್ವಿಸ್ ಇವೆ, ಯಾವ ಕ್ಲೌಡ್ ಅನ್ನುವುದೆಲ್ಲ ಇಲ್ಲಿ ಬೇಡ. "ಅವತ್ತು ಡಿಪ್ಲಾಯ್ ಇರಲಿಲ್ಲ" ಅನ್ನುವ ವಾಕ್ಯ ಮಾತ್ರ ಬಿಡಬೇಡಿ. "ರೋಲ್‌ಬ್ಯಾಕ್ ಯಾಕೆ ಮಾಡಲಿಲ್ಲ?" ಎಂಬ ಪ್ರಶ್ನೆಗೆ ಅದೇ ಉತ್ತರ. ಆ ಪ್ರಶ್ನೆ ಬಂದೇ ಬರುತ್ತದೆ.

ಇನ್ನು ಆಕ್ಷನ್. ಮೂರು ನಿಮಿಷದ ಉತ್ತರದಲ್ಲಿ ಎರಡು ನಿಮಿಷ ಇದಕ್ಕೇ ಹೋಗಲಿ. ಹೆಚ್ಚಿನವರು ಇಲ್ಲಿ ಮಾಡಿದ ಕೆಲಸಗಳ ಪಟ್ಟಿ ಕೊಡುತ್ತಾರೆ: ಲಾಗ್ ನೋಡಿದೆ, ಡ್ಯಾಶ್‌ಬೋರ್ಡ್ ನೋಡಿದೆ, ಕ್ವೆರಿ ಓಡಿಸಿದೆ. ಪಟ್ಟಿ ಕೇಳಿದವರಿಗೆ ನೀವು ಹೇಗೆ ಯೋಚಿಸುತ್ತೀರಿ ಅಂತ ತಿಳಿಯುವುದಿಲ್ಲ. ಅವರು ಕಾಯುವುದು ದಾರಿ ಕವಲೊಡೆದ ಜಾಗಕ್ಕೆ. ನಿಮ್ಮ ಮುಂದೆ ಎರಡು ದಾರಿ ಇದ್ದವು, ಕೈಯಲ್ಲಿ ಇಷ್ಟು ಮಾಹಿತಿ ಇತ್ತು, ಈ ಕಡೆ ಹೋದಿರಿ, ಯಾಕೆ? ಅಂಥ ಎರಡು ಜಾಗ ಸಿಕ್ಕರೆ ಸಾಕು, ಉಳಿದದ್ದನ್ನು ಬಿಡಬಹುದು. ನಿಮ್ಮ ಘಟನೆಯಲ್ಲಿ ಎರಡೂ ಚೆನ್ನಾಗಿ ಸಿಗುತ್ತವೆ.

ಮೊದಲನೆಯದು, ಡೇಟಾಬೇಸ್ ನಿಧಾನವೋ ಅಥವಾ ನಾವೇ ಕನೆಕ್ಷನ್ ಬಿಡುತ್ತಿಲ್ಲವೋ? ಪೂಲ್ ಖಾಲಿ ಅಂದ ತಕ್ಷಣ ಎಲ್ಲರ ಅನುಮಾನ ಡೇಟಾಬೇಸ್ ಮೇಲೆ ಹೋಗುತ್ತದೆ. ಇದನ್ನು ಬೇರೆ ಮಾಡುವ ಕ್ವೆರಿ ಚಿಕ್ಕದು:

```sql
SELECT state, count(*),
       max(now() - state_change) AS longest
FROM pg_stat_activity
WHERE datname = 'orders'
GROUP BY state;
```

80ರಲ್ಲಿ 78 `idle in transaction` ಅಂತ ಬಂತು ಅಂದುಕೊಳ್ಳಿ. ಅಂದರೆ ಟ್ರಾನ್ಸಾಕ್ಷನ್ ತೆರೆದಿದೆ, ಆದರೆ ಡೇಟಾಬೇಸ್ ಏನೂ ಮಾಡುತ್ತಿಲ್ಲ. ನಮ್ಮ ಕೋಡ್ ಮುಂದಿನ ಮಾತು ಹೇಳಲಿ ಅಂತ ಕಾಯುತ್ತಿದೆ. ಕ್ವೆರಿಗಳು ನಿಜಕ್ಕೂ ನಿಧಾನವಾಗಿದ್ದರೆ `active` ಜಾಸ್ತಿ ಇರುತ್ತಿತ್ತು. ಇದಕ್ಕೆ ಜೊತೆಯಾಗಿ ಡೇಟಾಬೇಸ್‌ನ ಸಿಪಿಯು ಎಂದಿಗಿಂತ ಕೆಳಗೆ ಇಳಿದಿರುತ್ತದೆ. ಔಟೇಜ್ ನಡುವೆ ಡೇಟಾಬೇಸ್ ಆರಾಮಾಗಿ ಕೂತಿದೆ ಅನ್ನುವುದೇ ದೊಡ್ಡ ಸುಳಿವು. ಈ ಮಾತು ಉತ್ತರದಲ್ಲಿ ಇರಲಿ.

ಇಲ್ಲೇ ಒಂದು ಬಲೆ ಇದೆ. ಅದನ್ನು ದಾಟಿದ್ದರೆ ಖಂಡಿತ ಹೇಳಿ. `pg_stat_activity`ಯ `query` ಕಾಲಂನಲ್ಲಿ ಆ 78 ಸಾಲುಗಳಲ್ಲೂ `INSERT INTO orders` ಅಂತ ಕಾಣುತ್ತದೆ. ಅದನ್ನು ನೋಡಿದವರು "ಇನ್ಸರ್ಟ್ ಸಿಕ್ಕಿಕೊಂಡಿದೆ, ಲಾಕ್ ಇರಬೇಕು" ಅಂತ ಆ ಕಡೆ ಓಡುತ್ತಾರೆ. ಆದರೆ `idle in transaction` ಇದ್ದಾಗ ಆ ಕಾಲಂ ತೋರಿಸುವುದು ಕೊನೆಯದಾಗಿ ಮುಗಿದ ಕ್ವೆರಿಯನ್ನು, ಈಗ ಓಡುತ್ತಿರುವುದನ್ನಲ್ಲ. ಇನ್ಸರ್ಟ್ ಯಾವಾಗಲೋ ಮುಗಿದಿದೆ. ಆಮೇಲೆ ನಮ್ಮ ಕೋಡ್ ಬೇರೆಲ್ಲೋ ಹೋಗಿ ನಿಂತಿದೆ. ಎಲ್ಲಿ ಎಂದು ತಿಳಿಯಲು ಒಂದು ಪಾಡ್‌ನ ಥ್ರೆಡ್ ಡಂಪ್ ತೆಗೆದರೆ ಆಯಿತು. ಥ್ರೆಡ್‌ಗಳೆಲ್ಲ ಲಾಯಲ್ಟಿ ಸರ್ವಿಸ್‌ನ ಉತ್ತರಕ್ಕೆ ಕಾಯುತ್ತ ನಿಂತಿದ್ದವು. ಕೈಗೆ ಸಾಕ್ಷಿ ಸಿಕ್ಕಿತು. ನೀವು ಥ್ರೆಡ್ ಡಂಪ್ ತೆಗೆದಿಲ್ಲ, ಟ್ರೇಸ್ ನೋಡಿ ತಿಳಿದಿರಿ ಅಂದರೆ ಅದನ್ನೇ ಹೇಳಿ. ಚೆನ್ನಾಗಿ ಕೇಳಿಸಲಿ ಅಂತ ಮಾಡದ್ದನ್ನು ಸೇರಿಸಬೇಡಿ.

ಎರಡನೆಯ ಕವಲು ಇದಕ್ಕಿಂತ ಒಳ್ಳೆಯದು. ಪೂಲ್ ಖಾಲಿಯಾದಾಗ ಯಾರಾದರೂ "ಪೂಲ್ ಸೈಜ್ 30 ಮಾಡೋಣ" ಅಂದೇ ಅನ್ನುತ್ತಾರೆ. ನಿಮ್ಮ ಕಾಲ್‌ನಲ್ಲೂ ಅಂದಿರುತ್ತಾರೆ. ಅದು ಯಾಕೆ ಬೇಡ ಎಂದು ಹೇಳಲು ಎರಡು ಗುಣಾಕಾರ ಸಾಕು. ಬೇಕಾಗುವ ಕನೆಕ್ಷನ್ ಅಂದರೆ ಸೆಕೆಂಡಿಗೆ ಬರುವ ರಿಕ್ವೆಸ್ಟ್ ಗುಣಿಸು ಒಂದೊಂದೂ ಕನೆಕ್ಷನ್ ಹಿಡಿದಿಡುವ ಸಮಯ. ಮಾಮೂಲಿ ದಿನ ಒಂದು ರಿಕ್ವೆಸ್ಟ್ 50 ಮಿಲಿಸೆಕೆಂಡ್ ಹಿಡಿಯುತ್ತದೆ ಅಂದರೆ 50 × 0.05, ಎರಡೂವರೆ ಕನೆಕ್ಷನ್. 80 ಇರುವುದು ಬೇಕಾದಷ್ಟಾಯಿತು. ಮೂರು ದಿನ ಯಾರಿಗೂ ಏನೂ ಗೊತ್ತಾಗದೇ ಇದ್ದದ್ದು ಅದಕ್ಕೇ. ಅವತ್ತು ಲಾಯಲ್ಟಿ ಸರ್ವಿಸ್ 8 ಸೆಕೆಂಡ್ ತೆಗೆದುಕೊಳ್ಳತೊಡಗಿತು. 50 × 8 ಅಂದರೆ 400 ಕನೆಕ್ಷನ್. ಇದ್ದದ್ದು 80, ಹಾಗಾಗಿ ಸೆಕೆಂಡಿಗೆ 10 ರಿಕ್ವೆಸ್ಟ್ ಮಾತ್ರ ಮುಗಿಯುತ್ತಿದ್ದವು. ಐದರಲ್ಲಿ ನಾಲ್ಕು ಫೇಲ್ ಅನ್ನುವ ಗ್ರಾಫ್‌ಗೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ. ಪೂಲ್ 30 ಮಾಡಿದರೆ 8 ಪಾಡ್‌ಗೆ 240 ಆಗುತ್ತದೆ. ಅದು 400ಕ್ಕೆ ಸಾಲದು, ಆದರೆ ಪೋಸ್ಟ್‌ಗ್ರೆಸ್‌ನ 100ರ ಮಿತಿಯನ್ನು ದಾಟುತ್ತದೆ. ಆಗ ಅದೇ ಡೇಟಾಬೇಸ್ ಬಳಸುವ ಬೇರೆ ಸರ್ವಿಸ್‌ಗಳಿಗೂ `sorry, too many clients already` ಶುರು. ಮಿತಿ ಏರಿಸೋಣ ಅಂದರೆ ಪೋಸ್ಟ್‌ಗ್ರೆಸ್ ಅನ್ನೇ ರೀಸ್ಟಾರ್ಟ್ ಮಾಡಬೇಕು.

ಈ ಲೆಕ್ಕವನ್ನು ಬೋರ್ಡ್ ಮೇಲೆ ಬರೆಯಬೇಕಿಲ್ಲ, ಬಾಯಲ್ಲೇ ಹೇಳಿ. ನಾನು ಸಂದರ್ಶನ ತೆಗೆದುಕೊಳ್ಳುವ ಕಡೆ ಕೂತಿದ್ದಾಗ ಇಂಥ ಒಂದು ಲೆಕ್ಕ ಕೇಳಿದರೆ ಉಳಿದ ಎಷ್ಟೋ ಪ್ರಶ್ನೆ ಕೇಳುವುದೇ ಬಿಡುತ್ತೇನೆ. ಒಂದು ವೇಳೆ ನಿಮ್ಮ ಕಾಲ್‌ನಲ್ಲಿ ಈ ಲೆಕ್ಕ ನಡೆಯಲಿಲ್ಲ, ಆಮೇಲೆ ಪೋಸ್ಟ್‌ಮಾರ್ಟಂ ಬರೆಯುವಾಗ ಹೊಳೆಯಿತು ಅಂದರೆ, ಹಾಗೇ ಹೇಳಿ. "ಆಗ ನನಗೆ ಗೊತ್ತಿದ್ದದ್ದು ಮಿತಿ 100 ಅಂತ ಮಾತ್ರ, 400ರ ಲೆಕ್ಕ ಮಾರನೇ ದಿನ ಮಾಡಿದೆ." ಆ ಸಮಯದಲ್ಲಿ ತಿಳಿದದ್ದು ಯಾವುದು, ನಂತರ ತಿಳಿದದ್ದು ಯಾವುದು ಎಂದು ಬೇರೆ ಮಾಡಿ ಹೇಳುವವರ ಮಾತನ್ನು ಜನ ನಂಬುತ್ತಾರೆ.

ರೀಸ್ಟಾರ್ಟ್ ಬಗ್ಗೆಯೂ ಒಂದು ಮಾತು. ನಿಮ್ಮಲ್ಲಿ ಯಾರೋ ಪಾಡ್‌ಗಳನ್ನು ರೀಸ್ಟಾರ್ಟ್ ಮಾಡಿರಬಹುದು, ಒಂದು ಕ್ಷಣ ಎರರ್ ಇಳಿದು "ಸರಿಹೋಯ್ತು" ಅಂತ ಅನಿಸಿರಬಹುದು. ಹಿಕಾರಿ ಕನೆಕ್ಷನ್‌ಗಾಗಿ 30 ಸೆಕೆಂಡ್ ಕಾದು ಆಮೇಲೆ ಎರರ್ ಕೊಡುತ್ತದೆ, `connectionTimeout` ಮುಟ್ಟದಿದ್ದರೆ. ಹೊಸ ಪೂಲ್ ಎರಡೇ ಸೆಕೆಂಡಿನಲ್ಲಿ ತುಂಬಿದರೂ ಗ್ರಾಫ್ ಅರ್ಧ ನಿಮಿಷ ಚೆನ್ನಾಗೇ ಕಾಣುತ್ತದೆ. ಇದು ನಡೆದಿದ್ದರೆ ಉತ್ತರದಲ್ಲಿ ಒಂದು ವಾಕ್ಯ ಕೊಡಿ, ಹೆಚ್ಚು ಬೇಡ.

ಎಲ್ಲ ಸೇರಿಸಿದರೆ ಆಕ್ಷನ್ ಹೀಗೆ ಕೇಳಿಸುತ್ತದೆ:

"ಮೊದಲು ಡೇಟಾಬೇಸ್ ಕಡೆಯಿಂದ ನೋಡಿದೆ. 80 ಕನೆಕ್ಷನ್‌ನಲ್ಲಿ 78 ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ನೆ ಕೂತಿದ್ದವು, ಸಿಪಿಯು ಕೆಳಗಿತ್ತು. ಹಾಗಾಗಿ ಸಮಸ್ಯೆ ಡೇಟಾಬೇಸ್‌ನದಲ್ಲ, ನಮ್ಮ ಕೋಡ್ ಹೊರಗೆಲ್ಲೋ ಕಾಯುತ್ತಿದೆ ಅಂದುಕೊಂಡೆ. ಥ್ರೆಡ್ ಡಂಪ್ ತೆಗೆದಾಗ ಲಾಯಲ್ಟಿ ಕಾಲ್ ಸಿಕ್ಕಿತು. ಆಗ ಕಾಲ್‌ನಲ್ಲಿ ಪೂಲ್ ದೊಡ್ಡದು ಮಾಡುವ ಮಾತು ನಡೆಯುತ್ತಿತ್ತು. 240 ಕನೆಕ್ಷನ್ ಕೇಳಿದರೆ ಡೇಟಾಬೇಸ್‌ನ ಮಿತಿ ದಾಟಿ ಬೇರೆ ಸರ್ವಿಸ್‌ಗಳೂ ಬೀಳುತ್ತವೆ, ಬೇಡ ಅಂದೆ. ಬದಲಿಗೆ ಲಾಯಲ್ಟಿ ಫ್ಲ್ಯಾಗ್ ಆಫ್ ಮಾಡೋಣ ಅಂತ ಸೂಚಿಸಿದೆ. ಅದರಿಂದ ಗ್ರಾಹಕರು ಸ್ವಲ್ಪ ಹೊತ್ತು ಪಾಯಿಂಟ್ಸ್ ಬಳಸಲಾಗುವುದಿಲ್ಲ, ಆದರೆ ಆರ್ಡರ್ ಹೋಗುತ್ತದೆ. ಲೀಡ್ ಪ್ರಾಡಕ್ಟ್ ಮ್ಯಾನೇಜರ್ ಒಪ್ಪಿಗೆ ತೆಗೆದುಕೊಂಡರು, ಸಹೋದ್ಯೋಗಿ 11:52ಕ್ಕೆ ಆಫ್ ಮಾಡಿದರು, ನಾನು ಡೇಟಾಬೇಸ್ ನೋಡುತ್ತ ಕೂತೆ."

ಗಮನಿಸಿ, ಇಲ್ಲಿ ಲೀಡ್ ಇದ್ದಾರೆ, ಸಹೋದ್ಯೋಗಿ ಇದ್ದಾರೆ, ಯಾರ ಕೆಲಸವನ್ನೂ ಕಸಿದುಕೊಂಡಿಲ್ಲ. ಆದರೂ ನಿಮ್ಮ ಪಾಲು ಯಾವುದು ಅಂತ ಯಾರೂ ಕೇಳಬೇಕಾಗಿಲ್ಲ. ಇನ್ನೊಂದು ವಿಷಯ: ಫ್ಲ್ಯಾಗ್ ಆಫ್ ಮಾಡಿದ್ದರಿಂದ ಏನು ಕಳೆದುಕೊಂಡೆವು ಅನ್ನುವುದೂ ಇದೆ. ಆಫ್ ಮಾಡುವುದರಿಂದ ಯಾರಿಗೂ ನಷ್ಟವೇ ಇಲ್ಲ ಎನ್ನುವಂತೆ ಹೇಳಿದರೆ, ಹಾಗಾದರೆ ಅದನ್ನು ಆನ್ ಯಾಕೆ ಇಟ್ಟಿದ್ದಿರಿ ಅಂತ ಕೇಳುತ್ತಾರೆ.

ರಿಸಲ್ಟ್‌ನಲ್ಲಿ ಜನ ಅಂಕಿ ಉಬ್ಬಿಸುತ್ತಾರೆ. 47 ನಿಮಿಷ, ಸೆಕೆಂಡಿಗೆ 50, ಅದರಲ್ಲಿ ಐದನೇ ನಾಲ್ಕು ಭಾಗ. ಗುಣಿಸಿದರೆ 1,12,800 ಬರುತ್ತದೆ. "ಒಂದು ಲಕ್ಷಕ್ಕೂ ಜಾಸ್ತಿ ಆರ್ಡರ್ ಉಳಿಸಿದೆ" ಅನ್ನಲು ಆಸೆಯಾಗಬಹುದು. ಮೊದಲನೆಯದಾಗಿ ಅವು ಉಳಿದವಲ್ಲ, ಫೇಲ್ ಆದವು. ಎರಡನೆಯದಾಗಿ ಅವು ರಿಕ್ವೆಸ್ಟ್‌ಗಳು, ಆರ್ಡರ್‌ಗಳಲ್ಲ. ಎರರ್ ಬಂದ ಗ್ರಾಹಕ ಬಟನ್ ಮತ್ತೆ ಮತ್ತೆ ಒತ್ತುತ್ತಾನೆ, ಆ್ಯಪ್ ಕೂಡ ತಾನಾಗಿ ರೀಟ್ರೈ ಮಾಡುತ್ತದೆ. ಒಬ್ಬನೇ ಗ್ರಾಹಕ ಹತ್ತು ಫೇಲ್ ಆಗಿ ಎಣಿಕೆಯಾಗಿರಬಹುದು. ನಿಮ್ಮ ಬಳಿ ಗ್ರಾಹಕರ ಲೆಕ್ಕ ಇದ್ದರೆ ಅದನ್ನು ಹೇಳಿ. ಇಲ್ಲದಿದ್ದರೆ ಫೇಲ್ ಆದ ರಿಕ್ವೆಸ್ಟ್‌ಗಳ ಪ್ರಮಾಣ ಮತ್ತು ಸಮಯ ಸಾಕು. ಆ 47 ನಿಮಿಷವೂ ಇಡೀ ತಂಡದ್ದು. ನಿಮಗೆ ಸೇರಿದ್ದು ಅದರೊಳಗಿನ ಒಂದು ತುಂಡು: ನೀವು ಥ್ರೆಡ್ ಡಂಪ್ ಓದಿದ ಹೊತ್ತಿನಿಂದ ಫ್ಲ್ಯಾಗ್ ಆಫ್ ಆಗುವವರೆಗೆ ಎಷ್ಟು ಹೊತ್ತಾಯಿತು. ಚಾಟ್ ಚಾನೆಲ್‌ನಲ್ಲಿ ಸಮಯ ಇರುತ್ತದೆ, ತೆಗೆದು ನೋಡಿ.

ಸರಿಹೋಯಿತು ಎಂದು ಹೇಗೆ ಗೊತ್ತಾಯಿತು ಅನ್ನುವುದೂ ರಿಸಲ್ಟ್‌ನ ಭಾಗ. ರೀಸ್ಟಾರ್ಟ್ ಮಾಡಿದಾಗ ಎರರ್ ಗ್ರಾಫ್ ಒಮ್ಮೆ ಮೋಸ ಮಾಡಿದೆ, ಹಾಗಾಗಿ ಅದೊಂದನ್ನೇ ನಂಬಲಾಗದು. "`idle in transaction` 78ರಿಂದ ಒಂದೆರಡಕ್ಕೆ ಇಳಿಯಿತು, ಪೂಲ್‌ಗಾಗಿ ಕಾಯುವ ಥ್ರೆಡ್ ಸೊನ್ನೆ ಆಯಿತು, ಡೇಟಾಬೇಸ್‌ನ ಸಿಪಿಯು ಮಾಮೂಲಿ ಮಟ್ಟಕ್ಕೆ ಮತ್ತೆ ಏರಿತು. 11:57ಕ್ಕೆ ಎರರ್ ನಿಂತಿತು." ಸಿಪಿಯು ಏರಿದ್ದು ಒಳ್ಳೆಯ ಸುದ್ದಿಯಾಗುವುದು ಅಪರೂಪ. ಹೇಳಿದರೆ ಎದುರಿನವರು ತಲೆ ಎತ್ತಿ ನೋಡುತ್ತಾರೆ.

ಕೊನೆಗೆ ಮುಂದೆ ಏನು ಬದಲಾಯಿತು. ಇಲ್ಲಿ ನೀವು ಕೈಯಾರೆ ಮಾಡಿದ ಒಂದನ್ನು ಆರಿಸಿ, ಉಳಿದವನ್ನು ತಂಡದ ಹೆಸರಲ್ಲಿ ಹೇಳಿ. `hikaricp_connections_pending` ಮೇಲೆ ಅಲರ್ಟ್ ಹಾಕಿದ್ದು ನೀವಾದರೆ ಅದು ಚಿಕ್ಕದಾದರೂ ಗಟ್ಟಿ. ಎರರ್ ಬರುವ 30 ಸೆಕೆಂಡ್ ಮೊದಲೇ ಅದು ಏರುತ್ತದೆ. `idle_in_transaction_session_timeout` ಇಟ್ಟೆವು ಅಂತ ಹೇಳುವುದಾದರೆ ಅದರ ಗುಣ ಗೊತ್ತಿರಲಿ. ಅದು ಟ್ರಾನ್ಸಾಕ್ಷನ್ ಅಷ್ಟೇ ಅಲ್ಲ, ಸೆಷನ್ ಅನ್ನೇ ಕಡಿದುಹಾಕುತ್ತದೆ. ಸೊನ್ನೆ ಇದ್ದರೆ, ಅಂದರೆ ಯಾರೂ ಮುಟ್ಟದಿದ್ದರೆ, ಕೆಲಸವೇ ಮಾಡುವುದಿಲ್ಲ.

ಲಾಯಲ್ಟಿ ಕಾಲ್ ಅನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ತಂದೆವು ಎಂದರೆ ಒಂದು ಮರುಪ್ರಶ್ನೆಗೆ ಸಿದ್ಧರಾಗಿ: "ಪಾಯಿಂಟ್ಸ್ ಕಡಿತವಾಯಿತು, ಆರ್ಡರ್ ಸೇವ್ ಆಗಲಿಲ್ಲ, ಆಗ?" ಒಳಗೆ ಇಟ್ಟಿದ್ದವರು ಬಹುಶಃ ಅದೇ ಹೆದರಿಕೆಗೆ ಇಟ್ಟಿದ್ದರು. ಒಳಗಿದ್ದರೂ ಆ ತೊಂದರೆ ಇತ್ತು ಅನ್ನುವುದು ಮೊದಲ ಮಾತು: ಡೇಟಾಬೇಸ್ ರೋಲ್‌ಬ್ಯಾಕ್ ಆದರೆ ಇನ್ನೊಂದು ಸರ್ವಿಸ್‌ನಲ್ಲಿ ಕಡಿತವಾದ ಪಾಯಿಂಟ್ಸ್ ವಾಪಸ್ ಬರುವುದಿಲ್ಲ. ಎರಡನೆಯದು ನೀವು ಮಾಡಿದ ದಾರಿ. ಆರ್ಡರ್ ಅನ್ನು `PENDING` ಎಂದು ಬರೆದು ಕಮಿಟ್ ಮಾಡುವುದು, ಆರ್ಡರ್ ಐಡಿಯನ್ನೇ ಗುರುತಾಗಿ ಕೊಟ್ಟು ಲಾಯಲ್ಟಿ ಕರೆಯುವುದು, ಉತ್ತರ ಬಂದ ಮೇಲೆ ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ `CONFIRMED` ಮಾಡುವುದು. ಎರಡು ಸಲ ಕರೆದರೂ ಲಾಯಲ್ಟಿ ಕಡೆ ಅದೇ ಐಡಿ ನೋಡಿ ಒಂದೇ ಸಲ ಕಡಿತ ಮಾಡಬೇಕು. ಮಧ್ಯೆ ನಿಂತುಹೋದವನ್ನು ಹುಡುಕಿ ಮುಗಿಸುವ ಒಂದು ಜಾಬ್ ಬೇಕು. ನಿಮ್ಮಲ್ಲಿ ಇದನ್ನು ಬೇರೆಯವರು ಬರೆದಿದ್ದರೆ "ಬರೆದದ್ದು ಅವರು, ನಾನು ರಿವ್ಯೂ ಮಾಡಿದೆ" ಅನ್ನಿ. ರಿವ್ಯೂ ಮಾಡಿದ್ದೀರಿ ಅಂದರೆ ಇಷ್ಟು ವಿವರಿಸಲು ಬರಬೇಕು.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: "ಆ ಕಾಲ್ ಟ್ರಾನ್ಸಾಕ್ಷನ್ ಒಳಗಿದೆ ಅಂತ ಕೋಡ್ ರಿವ್ಯೂನಲ್ಲಿ ಯಾರಿಗೂ ಕಾಣಲಿಲ್ಲವಾ?" ಬರೆದವರ ಮೇಲೆ ಹಾಕುತ್ತೀರೋ ಅಂತ ಪರೀಕ್ಷಿಸುವ ಪ್ರಶ್ನೆ ಇದು. "ಎಲ್ಲರೂ ಸೇರಿ ತಪ್ಪಿದೆವು" ಅನ್ನುವ ಜಾರಿಕೆಯ ಉತ್ತರವೂ ಸಾಲದು. ಯಾಕೆ ಕಾಣಲಿಲ್ಲ ಎಂದು ಹೇಳಿ. `@Transactional` ಒಂದು ಫೈಲಿನಲ್ಲಿತ್ತು, ಕಾಲ್ ಸೇರಿದ್ದು ಮೂರು ಫಂಕ್ಷನ್ ಕೆಳಗಿನ ಇನ್ನೊಂದು ಫೈಲಿನಲ್ಲಿ, ರಿವ್ಯೂಗೆ ಬಂದ ಬದಲಾವಣೆಯಲ್ಲಿ ಮೊದಲನೆಯದು ಕಾಣಿಸುವುದೇ ಇಲ್ಲ. ಟೆಸ್ಟ್‌ನಲ್ಲಿ ಲಾಯಲ್ಟಿ ಸರ್ವಿಸ್‌ನ ಬದಲು ಇದ್ದ ನಕಲು ತಕ್ಷಣ ಉತ್ತರ ಕೊಡುತ್ತಿತ್ತು, ಆದ್ದರಿಂದ ಅಲ್ಲೂ ಸಿಗಲಿಲ್ಲ. ಆಮೇಲೆ ಆ ನಕಲಿಗೆ 10 ಸೆಕೆಂಡ್ ತಡ ಹಾಕಿ, ಪೂಲ್ ಅನ್ನು 2ಕ್ಕೆ ಇಳಿಸಿ, ಒಟ್ಟಿಗೇ ಐದು ಆರ್ಡರ್ ಕಳಿಸುವ ಟೆಸ್ಟ್ ಸೇರಿಸಿದ್ದರೆ ಅದನ್ನು ಹೇಳಿ. ಹಳೆಯ ಕೋಡ್ ಆ ಟೆಸ್ಟ್‌ನಲ್ಲಿ ಮೂರನೇ ಆರ್ಡರ್‌ಗೇ ಕಾಯುತ್ತ ನಿಲ್ಲುತ್ತದೆ.